ಗುರುತಿಲ್ಲದ ನಂಬರಿನಿಂದ ಬಂದ ಕಾಫಿ ಪುಡಿ

ಹಾಸನದ ನನ್ನ ಪರಿಚಯದವರೊಬ್ಬರು ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುತ್ತಾರೆ. ಹುರಿಯುವ ಮಷಿನ್ ಒಂದು, ಬೀಸುವ ಮಷಿನ್ ಒಂದು, ಕೆಲಸಕ್ಕೆ ಇಬ್ಬರು ಹುಡುಗರು. ಮನೆ ಗಿರಾಕಿ ತಿಂಗಳಿಗೆ ಒಂದು ಕೆ.ಜಿ. ಒಯ್ದರೆ ಹೆಚ್ಚು, ಹೋಟೆಲೊಂದು ಕೈಹಿಡಿದರೆ ದಿನಕ್ಕೇ ಅಷ್ಟು ಖರ್ಚಾಗುತ್ತದೆ. ಅದಕ್ಕೇ ಸುತ್ತಮುತ್ತಲಿನ ದರ್ಶಿನಿಗಳ ನಂಬರ್ ಕಲೆಹಾಕಿ ನಲವತ್ತು ಮಂದಿಗೆ ವಾಟ್ಸಾಪ್‌ನಲ್ಲಿ ಒಂದೇ ಮೆಸೇಜ್ ಕಳಿಸಿದರು. ಒಬ್ಬರು ಮಾತ್ರ ಉತ್ತರ ಕೊಟ್ಟರು: "ಯಾರು?"

ಮೆಸೇಜ್ ಹೀಗಿತ್ತು:

"ಡಿಯರ್ ಸರ್/ಮೇಡಂ, ಕರ್ನಾಟಕದ ನಂಬರ್ ಒನ್ ಕಾಫಿ ಪುಡಿ! ಶೇ. 100 ಶುದ್ಧ! ಹೋಲ್‌ಸೇಲ್ ದರ! ಒಮ್ಮೆ ಬಳಸಿದರೆ ಮತ್ತೆ ಬಿಡುವುದಿಲ್ಲ! ಆಫರ್ ಈ ವಾರ ಮಾತ್ರ. ಈಗಲೇ ಕರೆ ಮಾಡಿ!"

ಇದನ್ನು ಓದುವವರು ಎಲ್ಲಿರುತ್ತಾರೆ ಎಂದು ಯೋಚಿಸಿ. ಗಲ್ಲಾದ ಮುಂದೆ. ಒಂದು ಕೈಯಲ್ಲಿ ಚಿಲ್ಲರೆ, ಎದುರಿಗೆ ಟೋಕನ್‌ಗೆ ನಿಂತ ಜನ. ಗುರುತಿಲ್ಲದ ನಂಬರಿನಿಂದ ಮೆಸೇಜ್ ಬಂದರೆ ವಾಟ್ಸಾಪ್ ತಾನಾಗಿಯೇ "ಬ್ಲಾಕ್" ಗುಂಡಿಯನ್ನು ಕೈಗೆಟುಕುವ ಹಾಗೆ ಇಟ್ಟಿರುತ್ತದೆ. ಇಷ್ಟೊಂದು ಆಶ್ಚರ್ಯಚಿಹ್ನೆ ಕಂಡರೆ ಬೆರಳು ಅಲ್ಲಿಗೇ ಹೋಗುತ್ತದೆ.

ಇದರಲ್ಲಿ ಎಲ್ಲಕ್ಕಿಂತ ದುಬಾರಿಯಾದ ಮಾತು "ಶೇ. 100 ಶುದ್ಧ". ಹೋಟೆಲ್ ಕಾಫಿಗೆ ಸಾಮಾನ್ಯವಾಗಿ ಚಿಕೋರಿ ಬೇಕು. ಡಿಕಾಕ್ಷನ್‌ಗೆ ಬಣ್ಣ, ಗಟ್ಟಿತನ ಬರುವುದು ಅದರಿಂದ. ನಮ್ಮವರು ಮಾರುತ್ತಿದ್ದದ್ದೂ 70 ಭಾಗ ಕಾಫಿ, 30 ಭಾಗ ಚಿಕೋರಿಯ ಪುಡಿಯನ್ನೇ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎಷ್ಟೆಷ್ಟು ಬೆರೆಸಿದೆ ಎಂದು ಪ್ಯಾಕೆಟ್ ಮೇಲೆ ಬರೆಯಲೇಬೇಕು. ಇದೆಲ್ಲ ಹೋಟೆಲಿನವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅವರ ಕಣ್ಣಿಗೆ "ಶುದ್ಧ" ಎಂಬ ಮಾತು ಹೊಗಳಿಕೆಯಾಗಿ ಕಾಣಲಿಲ್ಲ, ಸುಳ್ಳಾಗಿ ಕಂಡಿತು. "ಈ ವಾರ ಮಾತ್ರ" ಎಂಬುದೂ ಹಾಗೆಯೇ. ವರ್ಷಗಟ್ಟಲೆ ಪುಡಿ ಕೊಡಬೇಕಾದವನು ಒಂದು ವಾರದ ಆತುರ ತೋರಿಸಿದರೆ ಮುಂದಿನ ವಾರ ಇರುತ್ತಾನೋ ಇಲ್ಲವೋ ಎಂಬ ಅನುಮಾನ ಬರುತ್ತದೆ.

ತಿದ್ದಿ ಬರೆಯಲು ಕೂತಾಗ ನಾನು ಅವರಿಗೆ ಹೇಳಿದ್ದು ಒಂದೇ: ಓದುವವರು ಸ್ವತಃ ಪರೀಕ್ಷಿಸಿ ನೋಡಲಾಗದ ಮಾತನ್ನೆಲ್ಲ ಹೊಡೆದುಹಾಕಿ. ನಂಬರ್ ಒನ್ ಹೋಯಿತು, ಶುದ್ಧ ಹೋಯಿತು, ಬಿಡುವುದಿಲ್ಲ ಹೋಯಿತು. ಕೊನೆಗೆ ಉಳಿದದ್ದು "ಕಾಫಿ ಪುಡಿ" ಎಂಬ ಎರಡು ಪದ. ಅಲ್ಲಿಂದ ಮತ್ತೆ ಕಟ್ಟಿದೆವು.

ಮೊದಲು ಅವರು ಐದಾರು ಹೋಟೆಲಿಗೆ ಹೋಗಿ ಕಾಫಿ ಕುಡಿದು ಬಂದರು. ಬಂದವರೇ ಉತ್ಸಾಹದಲ್ಲಿ ಬರೆದರು: "ನಿಮ್ಮ ಡಿಕಾಕ್ಷನ್ ಸ್ವಲ್ಪ ತೆಳುವಾಗಿದೆ, ನಮ್ಮ ಪುಡಿ ಹಾಕಿದರೆ ಸರಿಹೋಗುತ್ತದೆ." ಇದು ಮೊದಲಿನದಕ್ಕಿಂತ ಕೆಟ್ಟದ್ದು. ಬಾಗಿಲಲ್ಲೇ ನಿಂತು ಮನೆಯವರ ಅಡುಗೆಗೆ ಹೆಸರಿಟ್ಟವನನ್ನು ಒಳಕ್ಕೆ ಯಾರು ಕರೆದಾರು? ಕಂಡದ್ದನ್ನು ಹೇಳಿದರೆ ಸಾಕು, ತೀರ್ಪು ಬೇಡ.

ಇನ್ನೊಂದು ಕಡೆಯೂ ಎಡವಿದರು. ತಾವು ಎಂಟು ತಿಂಗಳಿಂದ ಪುಡಿ ಕೊಡುತ್ತಿದ್ದ ಹೋಟೆಲಿನ ಹೆಸರನ್ನು ಹೇಳದೆ ಕೇಳದೆ ಮೆಸೇಜಿಗೆ ಸೇರಿಸಿದ್ದರು. ಪುಡಿ ಎಲ್ಲಿಂದ ತರಿಸುತ್ತೇವೆ ಎನ್ನುವುದನ್ನು ಬಹಳ ಹೋಟೆಲಿನವರು ಯಾರಿಗೂ ಬಿಟ್ಟುಕೊಡುವುದಿಲ್ಲ; ಕಾಫಿಯ ಹೆಸರಿನ ಮೇಲೇ ನಡೆಯುವ ಹೋಟೆಲಾದರಂತೂ ಕೇಳುವುದೇ ಬೇಡ. ನಾನು ಹೇಳಿದ ಮೇಲೆ ಮಾಲೀಕರಿಗೆ ಫೋನ್ ಮಾಡಿ ಕೇಳಿದರು. ಅವರು ಸ್ವಲ್ಪ ಯೋಚಿಸಿ, "ನಮ್ಮ ಊರಿನವರಿಗೆ ಬೇಡ, ಹೊರಗಿನವರಾದರೆ ಹೇಳಿ" ಅಂದರು. ಕೇಳದೆ ಕಳಿಸಿದ್ದರೆ ಇದ್ದ ಗಿರಾಕಿಯೂ ಕೈಬಿಡುತ್ತಿತ್ತು.

ಕೊನೆಗೆ ಪಕ್ಕದ ಊರಿನ ಒಂದು ಹೋಟೆಲಿಗೆ ಹೋದದ್ದು ಇದು:

"ನಮಸ್ಕಾರ ಸರ್. ನಾನು ಹಾಸನದಲ್ಲಿ ಕಾಫಿ ಹುರಿದು ಪುಡಿ ಮಾಡುತ್ತೇನೆ. ಮಂಗಳವಾರ ಬೆಳಿಗ್ಗೆ ನಿಮ್ಮಲ್ಲಿ ಕಾಫಿ ಕುಡಿದೆ, ನಂಬರ್ ನಿಮ್ಮ ಬೋರ್ಡಿನಲ್ಲಿ ನೋಡಿದ್ದು. ನನ್ನದು 70–30 ಪುಡಿ, ಹೋಟೆಲ್ ಫಿಲ್ಟರ್‌ಗೆ ಬೇಕಾದಂತೆ ಬೀಸಿದ್ದು. ಅರ್ಧ ಕೆ.ಜಿ. ತಂದುಕೊಡಲೇ? ನಿಮ್ಮ ಭಟ್ಟರೇ ಒಂದು ಸಲ ಡಿಕಾಕ್ಷನ್ ಇಳಿಸಿ ನೋಡಲಿ, ದುಡ್ಡು ಬೇಡ. ಈಗಿನ ಪುಡಿಯೇ ಸಾಕು ಎಂದಾದರೆ 'ಬೇಡ' ಅಂದರೆ ಸಾಕು, ಮತ್ತೆ ತೊಂದರೆ ಕೊಡುವುದಿಲ್ಲ."

ಕೆಳಗೆ ಹೆಸರು, ಅಂಗಡಿಯ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. ಆ ನಂಬರನ್ನು ಯಾರು ಬೇಕಾದರೂ ಸರ್ಕಾರದ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಬಹುಪಾಲು ಜನ ನೋಡುವುದಿಲ್ಲ. ಆದರೆ ನೋಡಲು ಸಾಧ್ಯವಾಗುವಂತೆ ಕೊಟ್ಟವನ ಮೇಲೆ ಒಂದು ಭರವಸೆ ಹುಟ್ಟುತ್ತದೆ.

ಅರ್ಧ ಕೆ.ಜಿ. ಎಂದದ್ದಕ್ಕೂ ಲೆಕ್ಕವಿದೆ. ಲೋಟಕ್ಕೆ ಹತ್ತು ಗ್ರಾಂ ಹಿಡಿದರೂ ಐವತ್ತು ಲೋಟದ ಡಿಕಾಕ್ಷನ್ ಆಯಿತು. ಮನೆಗೆ ಕೊಡುವ ನೂರು ಗ್ರಾಂ ಸ್ಯಾಂಪಲ್ ಹೋಟೆಲಿನ ದೊಡ್ಡ ಫಿಲ್ಟರ್‌ನ ತಳವನ್ನೂ ಮುಚ್ಚುವುದಿಲ್ಲ. ಅದರಲ್ಲಿ ಇಳಿಸಿದ ಡಿಕಾಕ್ಷನ್ ನೀರಾಗಿ, ತಪ್ಪು ಪುಡಿಯ ಮೇಲೆ ಬರುತ್ತದೆ. ಇನ್ನು ಭಟ್ಟರ ಹೆಸರು ಬಂದದ್ದು ಯಾಕೆಂದರೆ, ಬಿಲ್ ಕೊಡುವವರು ಮಾಲೀಕರಾದರೂ ಪುಡಿ ಆಗುತ್ತದೋ ಇಲ್ಲವೋ ಎಂದು ಹೇಳುವವರು ಅವರು.

ದರ ಯಾಕಿಲ್ಲ ಎಂದು ನೀವು ಕೇಳಬಹುದು. ಅದರ ಬಗ್ಗೆ ನಮ್ಮಿಬ್ಬರಲ್ಲೇ ಜಗಳವಾಯಿತು. ರುಚಿ ನೋಡುವ ಮೊದಲೇ ದರ ಕೊಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ ಎಂದು ಅವರ ವಾದ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಆದರೆ "ರೇಟ್?" ಎಂದು ಯಾರಾದರೂ ಕೇಳಿದರೆ ಅಡ್ಡಾದಿಡ್ಡಿ ಉತ್ತರ ಕೊಡದೆ ಒಂದೇ ಸಾಲಿನಲ್ಲಿ ದರ ಬರೆಯಬೇಕು, ಎಷ್ಟು ದಿನ ಆ ದರ ನಿಲ್ಲುತ್ತದೆ ಎಂದೂ ಹೇಳಬೇಕು ಎಂಬಲ್ಲಿ ರಾಜಿಯಾಯಿತು. 2024ರಲ್ಲಿ ಬೀಜದ ಬೆಲೆ ಏರುತ್ತಾ ಹೋದಾಗ ಪೆಟ್ಟು ತಿಂದ ಹೋಟೆಲಿನವರಿಗೆ ಎರಡು ರೂಪಾಯಿ ಕಡಿಮೆ ಎನ್ನುವುದಕ್ಕಿಂತ "ತಿಂಗಳ ಮಧ್ಯೆ ಏರಿಸುವುದಿಲ್ಲ" ಎನ್ನುವುದು ದೊಡ್ಡ ಮಾತು.

ಮೆಸೇಜ್ ಕಳಿಸಿದ್ದು ಮಧ್ಯಾಹ್ನ ಮೂರಕ್ಕೆ, ಊಟ ಮುಗಿದು ಸಂಜೆಯ ಕಾಫಿಗೆ ಜನ ಬರುವ ಮೊದಲು. ಒಂದೊಂದಾಗಿ, ಪ್ರತಿಯೊಂದರಲ್ಲೂ ಆಯಾ ಹೋಟೆಲಿನ ಒಂದು ಸಾಲು ಬದಲಿಸಿ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಪ್ರಯೋಜನವಿಲ್ಲ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಸಾವಿರಾರು ಜನಕ್ಕೆ ಒಮ್ಮೆಲೇ ಕಳಿಸಿಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್ ನಂಬಿದರೆ ವಾಟ್ಸಾಪ್ ನಂಬರನ್ನೇ ನಿಷೇಧಿಸಬಹುದು. ಮನೆ ಗಿರಾಕಿಗಳ ಆರ್ಡರೆಲ್ಲ ಬರುವುದು ಅದೇ ನಂಬರಿಗೆ.

ಹೀಗೆ ಹದಿನಾಲ್ಕು ಮೆಸೇಜ್ ಹೋದವು. ಉತ್ತರವಿಲ್ಲದವರಿಗೆ ಎಂಟು ದಿನ ಬಿಟ್ಟು ಇನ್ನೊಂದೇ ಒಂದು: "ಗುರುವಾರ ನಿಮ್ಮ ಊರಿನ ಕಡೆ ಬರುತ್ತಿದ್ದೇನೆ, ಸ್ಯಾಂಪಲ್ ತರಲೇ?" ಅದರಲ್ಲೊಂದು ಹೊಸ ಸಂಗತಿಯಿದೆ. "ಸರ್, ನೋಡಿದಿರಾ?" ಎಂದು ಕೇಳಿದರೆ ನೀಲಿ ಟಿಕ್ ತೋರಿಸಿ ಛೀಮಾರಿ ಹಾಕಿದ ಹಾಗೆ. ಎರಡನೆಯದಕ್ಕೂ ಸುಮ್ಮನಿದ್ದವರನ್ನು ಬಿಟ್ಟರು.

ಐದು ಜನ ಉತ್ತರಿಸಿದರು. ಇಬ್ಬರು ಬೇಡ ಅಂದರು, ಇಬ್ಬರು ಸ್ಯಾಂಪಲ್ ತರಿಸಿಕೊಂಡರು, ಅವರಲ್ಲಿ ಒಬ್ಬರು ಈಗ ವಾರಕ್ಕೆ ಆರು ಕೆ.ಜಿ. ತೆಗೆದುಕೊಳ್ಳುತ್ತಾರೆ. ಐದನೆಯವರು ಫೋನೇ ಮಾಡಿದರು. "ಪುಡಿ ಬೇಕು ಮಾರಾಯ್ರೇ, ಆದ್ರೆ ಹಳೆಯವರಿಗೆ ಮೂರು ತಿಂಗಳ ಬಾಕಿ ಇದೆ, ಅದು ತೀರಿಸದೆ ನಿಮ್ಮ ಹತ್ರ ಹೇಗೆ ತಗೊಳ್ಳೋದು?" ಯಾವ ಮೆಸೇಜಿಗೂ ಇದಕ್ಕೆ ಉತ್ತರವಿಲ್ಲ. ನಮ್ಮವರು ಆ ಹೆಸರಿನ ಮುಂದೆ "ದೀಪಾವಳಿ ಕಳೆದ ಮೇಲೆ" ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ.