‘ಸೆಟ್’ ಎಂದ ಮೇಲೆ ಎರಡು ಕ್ಷಣ

ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ನೂರು ಮೀಟರ್ ಓಟ ನೋಡಿದವರಿಗೆ ಇದು ಹೊಸದಲ್ಲ. ಸುಣ್ಣದ ಗೆರೆಯ ಹಿಂದೆ ಸಾಲಾಗಿ ಮಕ್ಕಳು. ಪಕ್ಕದಲ್ಲಿ ನಿಂತವರು ‘ಆನ್ ಯುವರ್ ಮಾರ್ಕ್, ಗೆಟ್ ಸೆಟ್, ಗೋ’ ಎಂದು ಒಂದೇ ಉಸಿರಿನಲ್ಲಿ ರಾಗವಾಗಿ ಕೂಗುತ್ತಾರೆ. ‘ಸೆಟ್’ ಮುಗಿಯುವ ಮೊದಲೇ ಇಬ್ಬರು ಹೊರಟುಬಿಟ್ಟಿರುತ್ತಾರೆ, ಒಬ್ಬ ಇನ್ನೂ ಮೊಣಕಾಲೂರಿ ಕೂತೇ ಇರುತ್ತಾನೆ, ಮತ್ತೊಬ್ಬ ಏಳುವ ಗಡಿಬಿಡಿಯಲ್ಲಿ ಮುಗ್ಗರಿಸುತ್ತಾನೆ. ಬೈಗುಳ ಮಕ್ಕಳಿಗೆ ಬೀಳುತ್ತದೆ. ನನ್ನ ಪ್ರಕಾರ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೂಗಿದವರಿಗೆ ಸೇರಬೇಕು.

ನೆಲಕ್ಕೆ ಕೈಯೂರಿ, ಬಾಗಿ ಹೊರಡುವ ಕ್ರೌಚ್ ಸ್ಟಾರ್ಟ್ ಓಟದಷ್ಟು ಹಳೆಯದಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಥಾಮಸ್ ಬರ್ಕ್ ಹೀಗೆ ಬಾಗಿ ಹೊರಟು ನೂರು ಮೀಟರನ್ನು 12 ಸೆಕೆಂಡಿನಲ್ಲಿ ಗೆದ್ದಾಗ ಅಲ್ಲಿನ ಜನಕ್ಕೆ ಅದೊಂದು ವಿಚಿತ್ರವಾಗಿ ಕಂಡಿತ್ತು. ಆಗ ಕಾಲಿಗೆ ಆಸರೆಯಾಗಿ ಸ್ಟಾರ್ಟಿಂಗ್ ಬ್ಲಾಕ್‌ಗಳಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಅವು ಬಂದದ್ದು 1948ರಲ್ಲಿ, ಲಂಡನ್ನಿನಲ್ಲಿ. 1936ರಲ್ಲಿ ಬರ್ಲಿನ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವನ್ಸ್ ಕೈಕರಣೆಯಿಂದ ನೆಲ ಕೆದಕಿ, ಕಾಲ ಬೆರಳಿಗೆ ಪುಟ್ಟ ಗುಳಿ ಮಾಡಿಕೊಂಡು ಹೊರಟವರು. ಬ್ಲಾಕ್ ಇಲ್ಲದ ನಮ್ಮ ಮಣ್ಣಿನ ಮೈದಾನಗಳ ಮೇಷ್ಟ್ರುಗಳಿಗೆ ಈ ಗುಳಿಯ ಉಪಾಯ ಇವತ್ತಿಗೂ ಸಲ್ಲುತ್ತದೆ. ಬೆರಳ ತುದಿ ಕೂರುವಷ್ಟು ಕೆದಕಿಕೊಟ್ಟರೂ ಕಾಲು ಜಾರುವುದು ತಪ್ಪುತ್ತದೆ.

ಬಾಗುವುದರಿಂದ ಲಾಭವೇನು? ಕೆಟ್ಟು ನಿಂತ ಗಾಡಿಯನ್ನು ತಳ್ಳುವವರು ನೆಟ್ಟಗೆ ನಿಲ್ಲುವುದಿಲ್ಲ, ಮೈ ಮುಂದೆ ಚಾಚಿ ಕಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತಾರೆ. ಓಟದ ಮೊದಲ ಹೆಜ್ಜೆಗೆ ಬೇಕಾದದ್ದೂ ಅದೇ ಒದೆತ. ಬಾಗಿದಾಗ ಮೈಭಾರ ಕಾಲುಗಳಿಗಿಂತ ಮುಂದಿರುತ್ತದೆ, ಮಡಚಿದ ಮೊಣಕಾಲುಗಳು ಜಿಗಿಯಲು ಸಿದ್ಧವಾಗಿರುತ್ತವೆ. ಆದರೆ ಆ ಭಾರವನ್ನು ಎತ್ತಿ ಚಿಮ್ಮಿಸುವ ಶಕ್ತಿ ತೊಡೆಯಲ್ಲಿ ಇರಬೇಕು. ಅದಿಲ್ಲದ ಸಣ್ಣ ಮಕ್ಕಳು ಬಾಗಿ ಹೊರಟರೆ ನಿಂತು ಹೊರಟದ್ದಕ್ಕಿಂತ ನಿಧಾನವಾಗುವುದೇ ಹೆಚ್ಚು. ಹಾಗಾಗಿ ನಾಲ್ಕನೇ ತರಗತಿಯವರೆಗೆ ನಿಂತೇ ಹೊರಡಲಿ ಎಂಬುದು ನನ್ನ ಅಭಿಪ್ರಾಯ. ಐದು, ಆರನೇ ತರಗತಿಗೆ ಬಂದ ಮೇಲೂ ನೇರವಾಗಿ ನೆಲಕ್ಕೆ ಕೂರಿಸಬಾರದು. ಮೊದಲು ಎರಡು ಕಾಲನ್ನೂ ಜೋಡಿಸಿ ನಿಲ್ಲಿಸಿ, ಮೈಯನ್ನು ಹಲಗೆಯಂತೆ ನೇರವಾಗಿಟ್ಟುಕೊಂಡು ಮುಂದಕ್ಕೆ ವಾಲಲು ಹೇಳಿ. ಇನ್ನೇನು ಬಿದ್ದೆ ಎನ್ನುವಾಗ ತಾನಾಗಿ ಒಂದು ಕಾಲು ಮುಂದೆ ಬರುತ್ತದೆ, ಅಲ್ಲಿಂದ ಹತ್ತು ಹೆಜ್ಜೆ ಓಡಲಿ. ಇದು ಚೆನ್ನಾಗಿ ಬಂದ ಮೇಲೆ ಒಂದೇ ಕೈ ನೆಲಕ್ಕೆ ಊರಿ ಹೊರಡುವುದು. ಎರಡೂ ಕೈ ಊರುವುದು ಕೊನೆಗೆ.

ಯಾವ ಕಾಲು ಮುಂದೆ ಎಂಬ ಪ್ರಶ್ನೆಗೆ ಉತ್ತರವೂ ಈ ವಾಲಾಟದಲ್ಲೇ ಸಿಗುತ್ತದೆ. ವಾಲಿದಾಗ ಮೊದಲು ಚಾಚಿಕೊಂಡು ಬಂದ ಕಾಲು ಹಿಂದಿನದಾಗಲಿ. ನೆಲ ಬಿಡದೆ ನಿಂತು ದೂಡಿದ ಇನ್ನೊಂದು ಕಾಲು ಗೆರೆಯ ಹತ್ತಿರ ಇರಲಿ. ಮೂರ್ನಾಲ್ಕು ಸಲ ನೋಡಿದರೆ ಅನುಮಾನ ಉಳಿಯುವುದಿಲ್ಲ. ಬಲಗೈಯವರಿಗೆ ಬಲಗಾಲೇ ಎಂದು ನಿಯಮ ಮಾಡಿಬಿಡುವವರಿದ್ದಾರೆ, ಅದಕ್ಕೆ ಅರ್ಥವಿಲ್ಲ.

ಈಗ ಮೂರು ಸೂಚನೆಗಳಿಗೆ ಬರೋಣ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಆರನೇ ತರಗತಿಯ ಹುಡುಗಿ, ಪಾದದ ಉದ್ದ 22 ಸೆಂ.ಮೀ. ಟೇಪು ಬೇಡ, ಅವಳ ಪಾದವೇ ಅಳತೆ. ಗೆರೆಯಿಂದ ಹಿಂದಕ್ಕೆ ಎರಡು ಪಾದ ಅಳೆದರೆ 44 ಸೆಂ.ಮೀ., ಅಲ್ಲಿ ಮುಂದಿನ ಕಾಲಿನ ಬೆರಳು. ಅಲ್ಲಿಂದ ಇನ್ನೂ ಒಂದೂವರೆ ಪಾದ ಹಿಂದೆ, ಅಂದರೆ ಗೆರೆಯಿಂದ ಸುಮಾರು 77 ಸೆಂ.ಮೀ. ದೂರದಲ್ಲಿ, ಹಿಂದಿನ ಕಾಲಿನ ಬೆರಳು. ಎರಡು ಕಡೆಯೂ ಗುಳಿ ಮಾಡಿ. ಹಿಂದಿನ ಮೊಣಕಾಲನ್ನು ನೆಲಕ್ಕೆ ಊರಿದಾಗ ಅದು ಮುಂದಿನ ಕಾಲಿನ ಬೆರಳ ಪಕ್ಕಕ್ಕೆ ಬಂದರೆ ಅಳತೆ ಸರಿ. ಉದ್ದ ಕಾಲಿನ ಮಕ್ಕಳಿಗೆ ಒಂದೆರಡು ಬೆರಳು ಹೆಚ್ಚು ಕಡಿಮೆ ಮಾಡಬೇಕಾಗುತ್ತದೆ.

‘ಆನ್ ಯುವರ್ ಮಾರ್ಕ್ಸ್’ ಎಂದಾಗ ಅವಳು ಗೆರೆಯ ಹಿಂದೆ ಬಂದು ಮೊದಲು ಕೈ ಊರಿ, ಆಮೇಲೆ ಮುಂದಿನ ಕಾಲು, ಹಿಂದಿನ ಕಾಲು ಎಂದು ಒಂದೊಂದಾಗಿ ಇಡಲಿ, ಹಿಂದಿನ ಮೊಣಕಾಲು ನೆಲಕ್ಕಿರಲಿ. ಕೈಗಳ ನಡುವೆ ಹೆಗಲಿನಷ್ಟೇ ಅಥವಾ ತುಸು ಹೆಚ್ಚು ಅಂತರ. ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕು ಇನ್ನೊಂದು ಕಡೆ, ನಡುವೆ ಕಮಾನು. ಅಂಗೈ ನೆಲ ಮುಟ್ಟಬಾರದು. ಬೆರಳು ಗೆರೆಯ ಮೇಲೆ ಬೀಳುವಂತಿಲ್ಲ, ಗೆರೆಯ ಹಿಂದೆಯೇ ಇರಬೇಕು. ಹೊಸಬರು ಸುಣ್ಣ ತುಳಿಯುವುದು ಸಾಮಾನ್ಯ, ಆದ್ದರಿಂದ ಎರಡು ಬೆರಳಿನಷ್ಟು ಜಾಗ ಬಿಡುವ ಅಭ್ಯಾಸ ಒಳ್ಳೆಯದು. ಈ ಸೂಚನೆಗೆ ಆತುರವಿಲ್ಲ. ಮಗು ಮೈ ಅಲುಗಿಸಿ, ಕಾಲು ಸರಿಮಾಡಿಕೊಂಡು, ಉಸಿರು ಬಿಟ್ಟು ತಣ್ಣಗಾಗುವವರೆಗೂ ಕೂಗುವವರು ಕಾಯಬೇಕು.

‘ಸೆಟ್’ ಎಂದಾಗ ಮಾಡುವ ಕೆಲಸ ಒಂದೇ. ಸೊಂಟ ಮೇಲೇಳಬೇಕು, ಹೆಗಲಿಗಿಂತ ಸ್ವಲ್ಪ ಎತ್ತರಕ್ಕೆ. ಹೆಗಲು ಕೈಬೆರಳುಗಳಿಗಿಂತ ತುಸು ಮುಂದೆ ಬರುತ್ತದೆ, ಮುಂದಿನ ಮೊಣಕಾಲು ಹೆಚ್ಚು ಕಡಿಮೆ ಲಂಬಕೋನಕ್ಕೆ ಮಡಚಿರುತ್ತದೆ, ಹಿಂದಿನದು ಅದಕ್ಕಿಂತ ಬಿಚ್ಚಿಕೊಂಡಿರುತ್ತದೆ. ಇಷ್ಟೆಲ್ಲ ಮಗುವಿಗೆ ಹೇಳಲು ಹೋಗಬೇಡಿ. ‘ಉಸಿರು ಎಳೆದುಕೊಂಡು ಸೊಂಟ ಎತ್ತು, ಹಾಗೇ ಇರು’ ಎಂದರೆ ಸಾಕು. ಕಣ್ಣು ಗೆರೆಯಿಂದ ಒಂದೆರಡು ಅಡಿ ಮುಂದಿನ ನೆಲದ ಮೇಲಿರಲಿ. ಗುರಿಯ ಕಡೆ ಕತ್ತೆತ್ತಿದ ಮಗುವಿನ ಸೊಂಟ ತಾನಾಗಿಯೇ ಕುಸಿಯುತ್ತದೆ.

ಮುಂದಿನದು ಸದ್ದು. ದೊಡ್ಡ ಓಟಗಳಲ್ಲಿ ಮೂರನೆಯದಾಗಿ ಯಾವ ಮಾತೂ ಇಲ್ಲ, ಪಿಸ್ತೂಲಿನ ಶಬ್ದ ಮಾತ್ರ. 400 ಮೀಟರಿನವರೆಗಿನ ಓಟಗಳಿಗೆ ಈ ಎರಡು ಮಾತು, ಒಂದು ಸದ್ದು. ಅದಕ್ಕಿಂತ ಉದ್ದದ ಓಟಗಳಲ್ಲಿ ‘ಸೆಟ್’ ಕೂಡ ಇರುವುದಿಲ್ಲ. ಕಲಿಕೆಯಲ್ಲಿ ‘ಗೋ’ ಎಂದು ಕೂಗುವುದಕ್ಕಿಂತ ಎರಡು ಮರದ ಹಲಗೆ ಬಡಿಯುವುದು ಅಥವಾ ಜೋರಾಗಿ ಚಪ್ಪಾಳೆ ತಟ್ಟುವುದು ವಾಸಿ, ಏಕೆಂದರೆ ಬಾಯಿ ತೆರೆಯುವುದನ್ನೋ ಉಸಿರೆಳೆಯುವುದನ್ನೋ ಕಂಡು ಮಕ್ಕಳು ಮೊದಲೇ ಹೊರಡುತ್ತಾರೆ. ಹಲಗೆಯನ್ನೂ ಅವರಿಗೆ ಕಾಣದಂತೆ ಹಿಡಿಯಬೇಕು. ಸದ್ದಾದ ಕೂಡಲೇ ಎರಡೂ ಕಾಲು ನೆಲವನ್ನು ದೂಡಬೇಕು, ಕೈ ಜೋರಾಗಿ ಬೀಸಬೇಕು, ಹಿಂದಿನ ಕಾಲು ಮೊದಲ ಹೆಜ್ಜೆಯಾಗಿ ಬರಬೇಕು.

‘ಸೆಟ್’ ಮತ್ತು ಸದ್ದಿನ ನಡುವಿನ ಅಂತರದಲ್ಲಿ ಕಲಿಸುವವರ ಕೈಚಳಕವೆಲ್ಲ ಅಡಗಿದೆ. ಎಲ್ಲರೂ ಅಲುಗಾಡದೆ ನಿಂತ ಮೇಲೆ ಸದ್ದು ಮಾಡಬೇಕೆಂಬುದು ನಿಯಮ. ಇಷ್ಟೇ ಸೆಕೆಂಡು ಎಂದು ಇಲ್ಲ, ಸಾಮಾನ್ಯವಾಗಿ ಎರಡರ ಆಸುಪಾಸು. ಮೇಷ್ಟ್ರು ಪ್ರತಿ ಸಲವೂ ಒಂದೇ ತಾಳದಲ್ಲಿ ಕೂಗಿದರೆ ಮಕ್ಕಳು ಸದ್ದಿಗೆ ಕಾಯುವುದನ್ನು ಬಿಟ್ಟು ತಾಳವನ್ನು ಲೆಕ್ಕ ಹಾಕಲು ಕಲಿಯುತ್ತಾರೆ. ತಮ್ಮ ಶಾಲೆಯಲ್ಲಿ ಚುರುಕಾಗಿ ಕಾಣುವ ಅಂಥ ಮಗು ಹೊರಗಿನ ಕೂಟದಲ್ಲಿ ಫೌಲ್ ಆಗುತ್ತದೆ. ಅದಕ್ಕೆ ಒಂದು ಸಲ ಒಂದೂವರೆ ಸೆಕೆಂಡು, ಇನ್ನೊಂದು ಸಲ ಎರಡೂವರೆ, ಮತ್ತೊಂದು ಸಲ ಸದ್ದೇ ಮಾಡದೆ ‘ಏಳಿ, ಎದ್ದು ನಿಲ್ಲಿ’ ಎಂದು ಎಬ್ಬಿಸುವುದು. ಈ ಕೊನೆಯದು ಶಿಕ್ಷೆ ಅಲ್ಲ. ದೊಡ್ಡ ಕೂಟಗಳ ಸ್ಟಾರ್ಟರ್ ಕೂಡ ಯಾರಾದರೂ ಅಲುಗಿದರೆ ಹೀಗೇ ಎಬ್ಬಿಸುತ್ತಾನೆ. ಆದರೆ ಮೂರು ಸೆಕೆಂಡು ದಾಟಿಸಬೇಡಿ, ಹೊಸ ಮಕ್ಕಳ ತೋಳು ನಡುಗಲು ಶುರುವಾಗುತ್ತದೆ.

ಒಂದೇ ತಪ್ಪಿಗೆ ಓಟವೇ ಕಳೆದುಹೋಗುವ ಕಾಲ ಇದು. 2010ರಿಂದ ಜಾಗತಿಕ ನಿಯಮದಂತೆ ಮೊದಲ ಫಾಲ್ಸ್ ಸ್ಟಾರ್ಟಿಗೇ ಓಟಗಾರ ಹೊರಗೆ. 2011ರಲ್ಲಿ ದೇಗು ವಿಶ್ವ ಚಾಂಪಿಯನ್‌ಷಿಪ್‌ನ ನೂರು ಮೀಟರ್ ಫೈನಲ್‌ನಿಂದ ಉಸೇನ್ ಬೋಲ್ಟ್ ಹೊರನಡೆದದ್ದು ಹೀಗೆಯೇ. ಸದ್ದಾದ 0.1 ಸೆಕೆಂಡಿನೊಳಗೆ ಕದಲಿದರೂ ಯಂತ್ರ ಅದನ್ನು ತಪ್ಪೆಂದೇ ಹಿಡಿಯುತ್ತದೆ, ಸದ್ದು ಕೇಳಿ ಮೈ ಕದಲಲು ಅಷ್ಟಾದರೂ ಹೊತ್ತು ಬೇಕೆಂಬ ಲೆಕ್ಕದಲ್ಲಿ.

ಕೂಗುವವರು ಎಲ್ಲಿ ನಿಲ್ಲಬೇಕು? ಮಕ್ಕಳ ಎದುರಿಗಂತೂ ಅಲ್ಲ, ಎಲ್ಲರೂ ಕತ್ತೆತ್ತಿ ಮುಖ ನೋಡುತ್ತಾರೆ. ಗೆರೆಯ ಒಂದು ಪಕ್ಕಕ್ಕೆ, ಕೆಲವು ಅಡಿ ದೂರದಲ್ಲಿ, ತುಸು ಮುಂದೆ ನಿಂತರೆ ಎಲ್ಲರ ಸೊಂಟವೂ ಒಂದೇ ನೋಟಕ್ಕೆ ಸಿಗುತ್ತದೆ. ಸೊಂಟ ಹಿಮ್ಮಡಿಯ ಕಡೆ ಕೂತಿದ್ದರೆ ಆ ಮಗು ಮೊದಲು ನೆಟ್ಟಗೆ ಎದ್ದು ಆಮೇಲೆ ಓಡುತ್ತದೆ. ಸೊಂಟ ತೀರಾ ಮೇಲಿದ್ದು ಮೊಣಕಾಲು ನೇರವಾಗಿಬಿಟ್ಟಿದ್ದರೆ ದೂಡಲು ಕಾಲಿನಲ್ಲಿ ಮಡಿಕೆಯೇ ಉಳಿದಿಲ್ಲ, ಮೂಗು ಮುಂದಾಗಿ ಮುಗ್ಗರಿಸುವುದು ಇಂಥವರೇ. ಹೆಚ್ಚಿನ ಸಲ ಇದರ ಕಾರಣ ಕಾಲು ಗೆರೆಗೆ ತೀರಾ ಹತ್ತಿರ ಇರುವುದು. ಬೈಯುವ ಮೊದಲು ಪಾದದ ಅಳತೆಯನ್ನು ಮತ್ತೊಮ್ಮೆ ನೋಡಿ.

ಮೊದಲ ಹೆಜ್ಜೆ ಸರಿಯಾಗಿದೆಯೇ ಎಂದು ತಿಳಿಯಲು ಮಣ್ಣಿನ ಮೈದಾನದಂಥ ಪರೀಕ್ಷಕರಿಲ್ಲ. ಓಟವಾದ ಮೇಲೆ ಹೋಗಿ ಹೆಜ್ಜೆ ಗುರುತು ನೋಡಬೇಕು. ನಮ್ಮ ಹುಡುಗಿಯ ಮೊದಲ ಗುರುತು ಗೆರೆಯಿಂದ ಅವಳದೇ ಒಂದೆರಡು ಪಾದದಷ್ಟು ಮುಂದೆ ಬಿದ್ದು, ಬೆರಳ ಭಾಗ ಆಳವಾಗಿ ಕೂತು ಮಣ್ಣು ಹಿಂದಕ್ಕೆ ಚಿಮ್ಮಿದ್ದರೆ ಚೆನ್ನಾಗಿ ದೂಡಿದ್ದಾಳೆ. ಗುರುತು ಬಹಳ ದೂರ ಬಿದ್ದು ಹಿಮ್ಮಡಿಯೂ ಮೂಡಿದ್ದರೆ ಹೆಜ್ಜೆ ಉದ್ದವಾಯಿತು: ಕಾಲು ಮೈಗಿಂತ ಮುಂದೆ ಊರಿ ತನ್ನ ಓಟಕ್ಕೆ ತಾನೇ ಬ್ರೇಕ್ ಹಾಕಿದಂತಾಯಿತು. ಎರಡನೆಯ, ಮೂರನೆಯ ಗುರುತುಗಳ ಅಂತರ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತ ಹೋಗಬೇಕು. ಮಕ್ಕಳಿಗೆ ಈ ಗುರುತುಗಳನ್ನು ತೋರಿಸಿ, ಅಂಗಸಾಧನೆಯ ಪಾಠಕ್ಕಿಂತ ಬೇಗ ತಿಳಿಯುತ್ತದೆ.

ಒಂದು ತರಗತಿಗೆ ಇಪ್ಪತ್ತು ಮೀಟರಿನ ನಾಲ್ಕೈದು ಸ್ಟಾರ್ಟ್ ಸಾಕು, ನಡುವೆ ಎರಡು ಮೂರು ನಿಮಿಷ ಬಿಡುವು. ದಣಿದ ಕಾಲಿಗೆ ತಪ್ಪು ಭಂಗಿಯೇ ರೂಢಿಯಾಗುತ್ತದೆ. ಬಿಡುವಿನಲ್ಲಿರುವ ಮಕ್ಕಳು ಸುಮ್ಮನೆ ಕೂರದೆ ಜೊತೆಗಾರರ ಸೊಂಟ, ಕತ್ತು ನೋಡಿ ಹೇಳಲಿ.

ಕೂಟಕ್ಕೆ ವಾರವಿರುವಾಗ ಒಂದು ಕೆಲಸ ಮರೆಯದೆ ಮಾಡಿ, ಮೇಷ್ಟ್ರೇ. ನೀವು ಪಕ್ಕಕ್ಕೆ ಸರಿದು, ಗಣಿತದ ಮೇಡಂ ಕೈಲೋ ಹತ್ತನೇ ತರಗತಿಯ ಹುಡುಗನ ಕೈಲೋ ಸೂಚನೆ ಕೊಡಿಸಿ. ತಾಲ್ಲೂಕಿನ ಮೈದಾನದಲ್ಲಿ ನಿಮ್ಮ ಮಕ್ಕಳು ಕೇಳುವುದು ಅಪರಿಚಿತರ ದನಿಯನ್ನು.