ಕೆಂಪು ಶಾಯಿ ತಿದ್ದದ ಪ್ರಬಂಧ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ನಮ್ಮೂರ ಕೆರೆ’ ಎಂಬ ಪ್ರಬಂಧ ಬರೆದು ತಂದಳು. ಅದರ ಮೊದಲ ಭಾಗ ಹೀಗಿತ್ತು: “ನಮ್ಮ ಊರಿನಲ್ಲಿ ಒಂದು ಕೆರೆ ಇದೆ. ನೀರು ಜೀವಜಲ. ಕೆರೆಗಳನ್ನು ಸಂರಕ್ಶಿಸುವುದು ನಮ್ಮೆಲ್ಲರ ಕರ್ತವ್ಯ. ಮೊದಲು ಕೆರೆಗೆ ಎರಡು ಕಡೆಯಿಂದ ನೀರು ಬರುತಿತ್ತು. ಈಗ ಒಣಗಿದೆ. ಜನರಲ್ಲಿ ಜಾಗೃತಿ ಮೂಡಿಸಬೇಕು.”

ನಾನು ‘ಸಂರಕ್ಷಿಸು’ ಎಂದು ತಿದ್ದಿದೆ, ‘ಬರುತ್ತಿತ್ತು’ ಎಂದು ಒತ್ತಕ್ಷರ ಸೇರಿಸಿದೆ. ಅಂಚಿನಲ್ಲಿ ‘ವಿವರಣೆ ಸಾಲದು’ ಎಂದು ಬರೆದೆ. ಕೊನೆಯಲ್ಲಿ ಹತ್ತಕ್ಕೆ ಆರು ಅಂಕ. ವಾರದ ನಂತರ ಬಂದ ಎರಡನೇ ಕರಡಿನಲ್ಲಿ ಎರಡೂ ತಪ್ಪು ಸರಿಯಾಗಿದ್ದವು. ವಿವರಣೆಯನ್ನೂ ಹೆಚ್ಚಿಸಿದ್ದಳು: ನೀರಿಲ್ಲದೆ ಜೀವವಿಲ್ಲ, ನೀರು ಅಮೂಲ್ಯ ಎಂಬ ಇನ್ನೆರಡು ವಾಕ್ಯ. ನಾನು ಹೇಳಿದ್ದನ್ನೆಲ್ಲ ಆಕೆ ಮಾಡಿದ್ದಳು. ಪ್ರಬಂಧ ಮಾತ್ರ ಇದ್ದಲ್ಲೇ ಇತ್ತು.

ಅಮೆರಿಕದಲ್ಲಿ ನ್ಯಾನ್ಸಿ ಸಾಮರ್ಸ್ ಇದನ್ನೇ ಅಧ್ಯಯನ ಮಾಡಿದ್ದರು. ನ್ಯೂಯಾರ್ಕ್ ಮತ್ತು ಒಕ್ಲಹೋಮ ವಿಶ್ವವಿದ್ಯಾಲಯಗಳ 35 ಅಧ್ಯಾಪಕರು ವಿದ್ಯಾರ್ಥಿಗಳ ಕರಡುಗಳ ಮೇಲೆ ಬರೆದ ಟಿಪ್ಪಣಿಗಳನ್ನು ಅವರು ತಮ್ಮ ಸಹೋದ್ಯೋಗಿಗಳೊಂದಿಗೆ ಪರಿಶೀಲಿಸಿ, 1982ರಲ್ಲಿ ಪ್ರಕಟಿಸಿದರು. ಬಹಳಷ್ಟು ಟಿಪ್ಪಣಿಗಳು ಯಾವ ಪ್ರಬಂಧದ ಮೇಲಾದರೂ ಮುದ್ರೆಯಂತೆ ಒತ್ತಬಹುದಾದಂಥವು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಒಂದೇ ಪ್ಯಾರಾದಲ್ಲಿ ಅಧ್ಯಾಪಕರು ವಾಕ್ಯಗಳ ನಡುವೆ ಪದ ತಿದ್ದುತ್ತಾರೆ, ಅಂಚಿನಲ್ಲಿ ವಿಷಯವನ್ನು ಮತ್ತೆ ಯೋಚಿಸು ಎನ್ನುತ್ತಾರೆ. ಮೊದಲನೆಯದು ‘ಈ ವಾಕ್ಯ ಉಳಿಯುತ್ತದೆ, ಚೊಕ್ಕ ಮಾಡು’ ಎನ್ನುತ್ತದೆ. ಎರಡನೆಯದು ‘ಇದು ಉಳಿಯಬೇಕಾಗಿಲ್ಲ’ ಎನ್ನುತ್ತದೆ. ಮಕ್ಕಳು ಯಾವುದನ್ನು ಆರಿಸಿಕೊಳ್ಳುತ್ತಾರೆ? ಉತ್ತರ ಸಿದ್ಧವಾಗಿ ಸಿಕ್ಕಿದ್ದನ್ನು. ‘ಸಂರಕ್ಷಿಸು’ ಎಂದು ನಕಲು ಮಾಡುವುದಕ್ಕೆ ಅರೆನಿಮಿಷ ಸಾಕು. ‘ವಿವರಣೆ ಸಾಲದು’ ಎಂಬುದರಿಂದ ಯಾವ ವಿವರಣೆ, ಎಲ್ಲಿ, ಯಾತಕ್ಕೆ ಎಂಬುದೇ ತಿಳಿಯದು. ಅದನ್ನು ತಿಳಿಯಬಲ್ಲ ಹುಡುಗಿಯಾಗಿದ್ದರೆ ಮೊದಲ ಸಲವೇ ಬರೆದಿರುತ್ತಿದ್ದಳು.

ಮೂರನೇ ಸಲ ನಾನು ಅಂಕ ಹಾಕಲಿಲ್ಲ, ಕಾಗುಣಿತ ಮುಟ್ಟಲಿಲ್ಲ. ‘ಎರಡು ಕಡೆಯಿಂದ’ ಎಂಬಲ್ಲಿ ಗೆರೆ ಎಳೆದು ಕೇಳಿದೆ: “ಆ ಎರಡು ಕಡೆ ಯಾವುವು? ಈಗ ಅಲ್ಲಿ ಏನಾಗಿದೆ?” ಮನೆಗೆ ಕಳಿಸದೆ, ತರಗತಿಯಲ್ಲೇ ಇಪ್ಪತ್ತು ನಿಮಿಷ ಕೊಟ್ಟು ಬರೆಯಲು ಕೂರಿಸಿದೆ. ಐದು ನಿಮಿಷ ಸುಮ್ಮನಿದ್ದಳು. ಆಮೇಲೆ “ಮೇಡಂ, ನಮ್ಮ ತಾತ ಹೇಳಿದ್ದನ್ನು ಬರೆಯಬಹುದಾ?” ಎಂದಳು.

ಗುಡ್ಡದ ಕಡೆಯ ಕಾಲುವೆಗೆ ಅಡ್ಡಲಾಗಿ ರಸ್ತೆ ಬಂದಿತ್ತು. ಕೆಳಗೆ ಹಾಕಿದ ಪೈಪು ಕಾಲುವೆಯ ತಳಕ್ಕಿಂತ ಎತ್ತರದಲ್ಲಿದ್ದುದರಿಂದ ನೀರು ಆಚೆಯೇ ನಿಲ್ಲುತ್ತಿತ್ತು. ಇನ್ನೊಂದು ಕಾಲುವೆ ಹೊಲದೊಳಗೆ ಸೇರಿಹೋಗಿತ್ತು. ಇದನ್ನು ಬರೆದ ಮೇಲೆ ‘ಜಾಗೃತಿ ಮೂಡಿಸಬೇಕು’ ಎಂಬ ಉಪಸಂಹಾರ ಅವಳಿಗೇ ಹೊಂದಲಿಲ್ಲ. ಅದನ್ನು ಹೊಡೆದುಹಾಕಿ, ಕಾಲುವೆ ತೆರವಾಗದೆ ಬರೀ ಹೂಳೆತ್ತಿದರೆ ಕೆರೆ ತುಂಬದು ಎಂದು ಮುಗಿಸಿದಳು. ನಾನು ಕಾಳಜಿಯಿಂದ ‘ಕ್ಷ’ ತಿದ್ದಿದ್ದ ವಾಕ್ಯವೇ ಹೊಸ ಕರಡಿನಲ್ಲಿ ಇರಲಿಲ್ಲ.

ಅಂಕ ತಡೆಹಿಡಿಯುವುದಕ್ಕೂ ಕಾರಣವಿದೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಟಿಪ್ಪಣಿಯ ಜತೆಗೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅಲ್ಲಿ ಕೊಟ್ಟದ್ದು ಪ್ರಬಂಧವಲ್ಲ, ಚಿಕ್ಕ ಚಟುವಟಿಕೆಗಳು. ಆದರೂ ಆರು ಅಂಕ ನೋಡಿದ ತಕ್ಷಣ ಪಕ್ಕದವಳಿಗೆಷ್ಟು ಎಂದು ಇಣುಕುವ ತಲೆಗಳನ್ನು ನಾನು ದಿನವೂ ಕಾಣುತ್ತೇನೆ. ಅಂಕ ಬಿತ್ತೆಂದರೆ ಮಗುವಿನ ಪಾಲಿಗೆ ಆ ಕೆಲಸ ಮುಗಿಯಿತು.

ಹಾಗಾದರೆ ಕಾಗುಣಿತ? ಅದು ಕೊನೆಯ ಕರಡಿಗೆ. ಅಲ್ಲಿಯೂ ಸರಿ ರೂಪ ಬರೆದುಕೊಡದೆ, ತಪ್ಪಿರುವ ಸಾಲಿನ ಪಕ್ಕ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಅಮೆರಿಕದ ಅಧ್ಯಾಪಕ ರಿಚರ್ಡ್ ಹ್ಯಾಸ್‌ವೆಲ್ 1983ರಲ್ಲಿ ವಿವರಿಸಿದ ಕ್ರಮವಿದು. ಅವರ ಕಾಲೇಜು ವಿದ್ಯಾರ್ಥಿಗಳು ಹೀಗೆ ಗುರುತಿಸಿದ ತಪ್ಪುಗಳಲ್ಲಿ ನೂರಕ್ಕೆ ಅರವತ್ತರಷ್ಟನ್ನು ತಾವೇ ಹುಡುಕಿ ಸರಿಪಡಿಸಿದರು. ಉಳಿದವು ಗೊತ್ತಿಲ್ಲದ ನಿಯಮಗಳು. ‘ಶ’, ‘ಷ’ ಭೇದವೇ ತಿಳಿಯದ ಮಗು ಚುಕ್ಕೆಯನ್ನು ಎಷ್ಟು ನೋಡಿದರೂ ಪ್ರಯೋಜನವಿಲ್ಲ, ಅದನ್ನು ಕಲಿಸಲೇಬೇಕು.

ಅರವತ್ತು ಮಕ್ಕಳ ತರಗತಿಯಲ್ಲಿ ಇದು ಆಗುವ ಮಾತೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಮಗುವಿಗೆ ಒಂದೇ ಪ್ರಶ್ನೆ ಎಂದರೆ ಪುಸ್ತಕವೊಂದಕ್ಕೆ ಎರಡು ನಿಮಿಷ. ಸಾಲುಸಾಲು ತಿದ್ದುವುದಕ್ಕಿಂತ ಕಡಿಮೆ. ಹೆಚ್ಚು ಬೇಕಾಗುವುದು ಮರುಬರಹದ ಒಂದು ಪೀರಿಯಡ್, ಅದಕ್ಕಾಗಿ ನಾನು ವರ್ಷದ ಪ್ರಬಂಧಗಳನ್ನು ಎಂಟರಿಂದ ನಾಲ್ಕಕ್ಕೆ ಇಳಿಸಿದೆ. ಪ್ರಶ್ನೆ ತಾಗಿತೋ ಇಲ್ಲವೋ ಎಂದು ತಿಳಿಯಲು ಎರಡು ಕರಡುಗಳನ್ನು ಪಕ್ಕಪಕ್ಕ ಇಡುತ್ತೇನೆ. ಪದಗಳಷ್ಟೇ ಬದಲಾಗಿದ್ದರೆ ನನ್ನ ಪ್ರಶ್ನೆ ಸೋತಿದೆ, ಬೇರೆ ಪ್ರಶ್ನೆ ಹುಡುಕುತ್ತೇನೆ.