ನಿಶ್ಚಲ ಚಿತ್ರಕ್ಕೆ ಚಲನೆ

ಗೋಡೆಯ ಮೇಲಿನ ಹಳೆಯ ಗುಂಪುಚಿತ್ರವೊಂದನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ, ಕೆಲವು ನಿಮಿಷಗಳಲ್ಲಿ ಅದರೊಳಗಿನ ಜನ ತಲೆಯಾಡಿಸಿ ನಗುವ ಚಲಚ್ಚಿತ್ರದ ತುಣುಕು ಸಿದ್ಧವಾಗುತ್ತದೆ. ಆದರೆ ಎರಡನೆಯ ಸೆಕೆಂಡಿನ ಹೊತ್ತಿಗೇ ಹಿಂದಿನ ಸಾಲಿನವರ ಮುಖಗಳು ಮೇಣದಂತೆ ಕರಗಿಹೋಗುವುದೂ ಉಂಟು. ಇದಕ್ಕೆ ಕಾರಣವೇನೆಂಬುದನ್ನು ವಿಚಾರಮಾಡೋಣ.

2023ರ ನವೆಂಬರಿನಲ್ಲಿ ಪ್ರಕಟವಾದ ‘ಸ್ಟೇಬಲ್ ವಿಡಿಯೊ ಡಿಫ್ಯೂಷನ್’ ಎಂಬ ಸಾಧನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರ ಒಂದು ಆವೃತ್ತಿಯು ಒಂದು ಚಿತ್ರದಿಂದ 25 ಚಿತ್ರಗಳನ್ನು ರಚಿಸುತ್ತದೆ. ಸೆಕೆಂಡಿಗೆ 6ರಂತೆ ತೋರಿಸಿದರೆ ಸುಮಾರು 4 ಸೆಕೆಂಡುಗಳ ಆಟ. ಇಪ್ಪತ್ತೈದೂ ಮೊದಲು ಅರ್ಥವಿಲ್ಲದ ಚುಕ್ಕೆಗಳ ರಾಶಿ ಮಾತ್ರ. ಮೂಲಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಯಂತ್ರವು ಅವೆಲ್ಲವನ್ನೂ ಒಟ್ಟಿಗೆ, ಹಂತಹಂತವಾಗಿ ಶುದ್ಧಿಮಾಡುತ್ತ ಹೋಗುತ್ತದೆ. ಕೂದಲು ಹೇಗೆ ಹಾರೀತು, ಕತ್ತು ಹೇಗೆ ಹೊರಳೀತು ಎಂಬುದನ್ನು ಅದು ಕಲಿತಿರುವುದು ಬೇರೆ ಅಸಂಖ್ಯಾತ ದೃಶ್ಯಗಳಿಂದ. ಆದುದರಿಂದ ತೆರೆಯ ಮೇಲೆ ನಗುವ ಅಜ್ಜನ ನಗೆ ಅಜ್ಜನದಲ್ಲ. ಅಂತಹ ಮುಖಕ್ಕೆ ಒಪ್ಪಬಹುದೆಂದು ಯಂತ್ರವು ಊಹಿಸಿದ ನಗೆ.

ಇನ್ನು ಮುಖ ಕರಗುವ ವಿಚಾರ. ಚಿತ್ರದ ಅಳತೆ ಅಗಲ 1024, ಎತ್ತರ 576 ಬಿಂದುಗಳು. ಯಂತ್ರವು ಇವನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಉದ್ದಕ್ಕೆ 8, ಅಡ್ಡಕ್ಕೆ 8 ಬಿಂದುಗಳ ಒಂದೊಂದು ತುಂಡನ್ನೂ ಒಂದು ಮನೆಯಾಗಿ ಅಡಕಮಾಡಿ, ಆ ಮನೆಗೆ ಕೇವಲ 4 ಸಂಖ್ಯೆಗಳನ್ನು ಕೊಡುತ್ತದೆ. ಹೀಗೆ ಇಡೀ ಚಿತ್ರವು 128 × 72 ಮನೆಗಳ ಒಂದು ಚದುರಂಗದ ಹಾಸಾಗುತ್ತದೆ. ಗುಂಪಿನಲ್ಲಿ ಒಬ್ಬನ ಮುಖ 40 ಬಿಂದುಗಳಷ್ಟು ಅಗಲವಿದೆಯೆನ್ನೋಣ. ಅದಕ್ಕೆ ದಕ್ಕುವುದು ಐದೇ ಮನೆ. ಕಣ್ಣಿನ ಅಗಲ ಮುಖದ ಐದನೆಯ ಒಂದು ಭಾಗವಾದುದರಿಂದ, ಒಂದು ಕಣ್ಣಿಗೆ ಒಂದು ಮನೆ! ರೆಪ್ಪೆ, ಪಾಪೆ, ಹುಬ್ಬುಗಳೆಲ್ಲ ಅಷ್ಟರಲ್ಲಿ ಇಡಿಸಬೇಕು. ನಿಂತ ಚಿತ್ರದಲ್ಲಿ ಹೇಗೋ ನಡೆದೀತು. ಚಲಿಸತೊಡಗಿದೊಡನೆ ಯಂತ್ರಕ್ಕೆ ಹಿಡಿದುಕೊಳ್ಳಲು ಆಧಾರವಿಲ್ಲ. ಅದೇ ಮುಖವನ್ನು ಕತ್ತರಿಸಿ, 320 ಬಿಂದುಗಳ ಅಗಲ ಬರುವಂತೆ ಕೊಟ್ಟರೆ ಕಣ್ಣಿಗೆ 8 ಮನೆಗಳು ಸಿಗುತ್ತವೆ, ಫಲ ಎಷ್ಟೋ ಮೇಲು. ಆದರೆ ಹಳೆಯ ಪಡಿಯಚ್ಚು ಮೊದಲೇ ಮಸಕಾಗಿದ್ದರೆ ಹಿಗ್ಗಿಸಿದ ಮಾತ್ರಕ್ಕೆ ಹೊಸ ವಿವರವೇನೂ ಹುಟ್ಟುವುದಿಲ್ಲ.

ಚಲನೆಯ ಪ್ರಮಾಣವನ್ನು motion_bucket_id ಎಂಬ ಸಂಖ್ಯೆ ನಿಯಂತ್ರಿಸುತ್ತದೆ. ವಾಡಿಕೆಯ ಬೆಲೆ 127. ತೀರ ತಗ್ಗಿಸಿದರೆ ಜನ ಅಲುಗದೆ, ಕ್ಯಾಮೆರಾ ಮಾತ್ರ ಮೆಲ್ಲನೆ ಸರಿದಂತೆ ಕಾಣುವುದುಂಟು. ಏರಿಸಿದರೆ ಚಲನೆಯೊಡನೆ ವಿಕಾರವೂ ಏರುತ್ತದೆ. ಒಂದು ಪಕ್ಕಕ್ಕೆ ತಿರುಗಿರುವ ಹುಡುಗಿಯು ನಮ್ಮತ್ತ ಮುಖ ಹೊರಳಿಸಿದಾಗ ಕಾಣುವ ಇನ್ನೊಂದು ಕಿವಿ ಮೂಲದಲ್ಲಿಲ್ಲ. ಅದರ ಓಲೆ ಬೇರೆ ಮಾದರಿಯದಾದರೆ ಆಶ್ಚರ್ಯಪಡಬೇಕಾಗಿಲ್ಲ. ಮೊದಲನೆಯ ಮತ್ತು ಇಪ್ಪತ್ತೈದನೆಯ ಚಿತ್ರಗಳನ್ನು ಅಕ್ಕಪಕ್ಕ ಇರಿಸಿ ಓಲೆ, ಗುಂಡಿ, ಬೆರಳುಗಳನ್ನು ಎಣಿಸಿದರೆ ತಪ್ಪು ಸುಲಭವಾಗಿ ಸಿಕ್ಕಿಬೀಳುತ್ತದೆ.

ನಾಲ್ಕು ಸೆಕೆಂಡು ಸಾಲದೆಂದು ಕೆಲವರು ಕೊನೆಯ ಚಿತ್ರವನ್ನೇ ಮತ್ತೆ ಮೂಲವಾಗಿ ಕೊಡುತ್ತಾರೆ. ಆಗ ಯಂತ್ರವು ತನ್ನ ಊಹೆಯನ್ನೇ ನಿಜವೆಂದು ಹಿಡಿದು ಅದರ ಮೇಲೆ ಮತ್ತೆ ಊಹಿಸುತ್ತದೆ. ಮೂರು ನಾಲ್ಕು ಸಲ ಹೀಗಾದ ಮೇಲೆ ಬಣ್ಣ ಕೆಟ್ಟು, ಮುಖವು ಮನೆಯವರಿಗೂ ಗುರುತು ಹತ್ತದಂತಾಗಬಹುದು.